ಬಿಡುವು ಕೇಳುವ ಬಗೆ

ಹಿರಿಯರೊಬ್ಬರನ್ನು ಕಾಣಬೇಕಾದಾಗ, ಸಭೆಗೆ ಕರೆಯಬೇಕಾದಾಗ, ಒಂದು ಗಂಟೆಯ ಮಾತುಕತೆಗೆ ಒಪ್ಪಿಸಬೇಕಾದಾಗ ನಾವು ಬರೆಯುವ ಪತ್ರಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ‘ತಮಗೆ ಯಾವಾಗ ಬಿಡುವಾಗುತ್ತದೆಂಬುದನ್ನು ದಯವಿಟ್ಟು ತಿಳಿಸಬೇಕು.’ ಈ ವಾಕ್ಯದಲ್ಲಿ ವಿನಯವಿದೆ. ಕಾಲವನ್ನು ನಾವು ಗೊತ್ತುಮಾಡುವುದಿಲ್ಲ, ತಮ್ಮ ಇಚ್ಛೆಯೇ ನಮ್ಮ ಇಚ್ಛೆ ಎಂಬ ಭಾವ ಇದೆ. ಊರಿನ ಸಣ್ಣ ಸಾಹಿತ್ಯ ಸಂಘವೊಂದರ ಕಾರ್ಯದರ್ಶಿಯಾಗಿ ಇಂಥ ಪತ್ರಗಳ ಹೋಗು ಬರವನ್ನು ನಾನು ಹಲವು ವರ್ಷ ನೋಡಿದ್ದೇನೆ. ನೋಡುತ್ತ ನೋಡುತ್ತ ನನಗೆ ಅನ್ನಿಸಿರುವುದು ಇಷ್ಟು: ಈ ವಾಕ್ಯದ ವಿನಯ ಬರೆದವನ ಕಡೆಗಿದೆ, ಅದರ ಹೊರೆ ಮಾತ್ರ ಓದಿದವರ ಕಡೆಗಿದೆ.

ಆ ಹೊರೆ ಎಂಥದೆಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಪತ್ರ ಕೈಸೇರಿದವರು ಮೊದಲು ತಮ್ಮ ದಿನಚರಿಯನ್ನು ತೆರೆಯಬೇಕು. ಎಷ್ಟು ದಿನಗಳವರೆಗೆ ನೋಡಬೇಕು? ಈ ವಾರವೊ, ಈ ತಿಂಗಳೊ? ಪತ್ರದಲ್ಲಿ ಹೇಳಿಲ್ಲ. ಎಷ್ಟು ಹೊತ್ತನ್ನು ತೆಗೆದಿಡಬೇಕು? ಅದೂ ಇಲ್ಲ. ತಾವು ಹೇಳಿದ ದಿನ ಕೇಳಿದವನಿಗೆ ಒಗ್ಗುತ್ತದೆಯೆ? ತಿಳಿಯುವ ದಾರಿಯಿಲ್ಲ. ಹೀಗೆ ಒಂದು ಪ್ರಶ್ನೆಗೆ ಉತ್ತರ ಬರೆಯುವ ಮುನ್ನ ಅವರು ನಾಲ್ಕು ಪ್ರಶ್ನೆಗಳಿಗೆ ತಾವೇ ಉತ್ತರ ಊಹಿಸಿಕೊಳ್ಳಬೇಕು. ಊಹಿಸುವ ಕೆಲಸವನ್ನು ಯಾರೂ ಆ ಕ್ಷಣವೇ ಮಾಡುವುದಿಲ್ಲ. ‘ನಿಧಾನವಾಗಿ ನೋಡಿ ಬರೆಯೋಣ’ ಎಂದು ಪತ್ರವನ್ನು ಮೇಜಿನ ಮೇಲಿಡುತ್ತಾರೆ. ಮರುದಿನ ಅದರ ಮೇಲೆ ವೃತ್ತಪತ್ರಿಕೆ ಬೀಳುತ್ತದೆ.

ಇನ್ನೊಂದು ಬಗೆಯ ಉತ್ತರವೂ ನಮ್ಮ ಕಡೆ ಉಂಟು. ನಿವೃತ್ತರಾದ ಹಿರಿಯರನ್ನು ಬಿಡುವು ಕೇಳಿ ನೋಡಿ. ‘ನನಗೇನಪ್ಪ, ಯಾವಾಗಲೂ ಬಿಡುವೇ. ಯಾವಾಗ ಬೇಕಾದರೂ ಬನ್ನಿ’ ಎನ್ನುತ್ತಾರೆ. ಇದು ಆದರದ ಮಾತು, ಆದರೆ ಉತ್ತರವಲ್ಲ. ತೆರೆದ ಪ್ರಶ್ನೆಗೆ ತೆರೆದ ಉತ್ತರ ಬಂದಿದೆ, ಅಷ್ಟೆ. ಯಾವಾಗ ಬೇಕಾದರೂ ಹೋಗಬಹುದಾದ ಮನೆಗೆ ನಾವು ಯಾವಾಗಲೂ ಹೋಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಬಲ್ಲ ಒಂದು ಸಂಘದ ಕಡತದಲ್ಲಿ ವೃದ್ಧ ಕವಿಯೊಬ್ಬರೊಡನೆ ನಡೆದ ಇಂಥ ಪತ್ರವ್ಯವಹಾರವಿದೆ. ಆ ಕಡೆಯಿಂದ ಮೂರು, ಈ ಕಡೆಯಿಂದ ನಾಲ್ಕು, ಒಟ್ಟು ಏಳು ಪತ್ರಗಳು. ‘ತಮ್ಮ ಅನುಕೂಲ ತಿಳಿಸಬೇಕು’, ‘ತಮ್ಮ ಅನುಕೂಲವೇ ನನ್ನ ಅನುಕೂಲ’ ಎಂದು ಎರಡೂ ಕಡೆಯವರು ಒಬ್ಬರಿಗಿಂತ ಒಬ್ಬರು ಸೌಜನ್ಯವಂತರು. ಕವಿಗಳು ಈಗಿಲ್ಲ. ಏಳೂ ಪತ್ರಗಳಲ್ಲಿ ಒಂದು ತಾರೀಖಾದರೂ ಇರಲಿಲ್ಲ. ಅವರ ಧ್ವನಿಯನ್ನು ಮುದ್ರಿಸಿಕೊಳ್ಳುವ ಕೆಲಸ ನಡೆಯಲೇ ಇಲ್ಲ.

ಇದಕ್ಕೆ ಪರಿಹಾರ ಸುಲಭದ್ದು, ಹೊಸದೂ ಅಲ್ಲ. ಮದುವೆ ಗೊತ್ತಾದ ಮನೆಯವರು ಪುರೋಹಿತರಲ್ಲಿಗೆ ಹೋದಾಗ ಅವರು ‘ಮದುವೆ ಯಾವಾಗ ಇಟ್ಟುಕೊಳ್ಳುತ್ತೀರಿ?’ ಎಂದು ಕೇಳಿ ಸುಮ್ಮನಾಗುವುದಿಲ್ಲ. ಪಂಚಾಂಗ ನೋಡಿ ಎರಡು ಮೂರು ಮುಹೂರ್ತಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ. ಹೆಣ್ಣಿನವರು, ಗಂಡಿನವರು ಆ ಚೀಟಿಯನ್ನು ಹಿಡಿದು ಛತ್ರ ಯಾವಾಗ ಸಿಗುತ್ತದೆ, ದೂರದ ಊರಿನ ಮಗನಿಗೆ ರಜೆ ಯಾವಾಗ ಎಂದು ವಿಚಾರಿಸಿ ಒಂದನ್ನು ಹೇಳುತ್ತಾರೆ. ವರ್ಷದ ಎಲ್ಲ ದಿನಗಳ ಚರ್ಚೆ ಮೂರು ದಿನಗಳ ಆಯ್ಕೆಗೆ ಇಳಿದಿದೆ. ಭೇಟಿಗಾಗಿ ಬರೆಯುವ ಪತ್ರದಲ್ಲಿ ನಾವು ಮಾಡಬೇಕಾದದ್ದೂ ಇದನ್ನೇ. ‘ಯಾವಾಗ ಬಿಡುವು?’ ಎಂದು ಕೇಳುವ ಬದಲು, ದಿನ, ತಾರೀಖು, ಗಂಟೆ ಸಹಿತವಾಗಿ ಮೂರು ಹೊತ್ತುಗಳನ್ನು ನಾವೇ ಮುಂದಿಡಬೇಕು. ಅವರು ಒಂದನ್ನು ಆರಿಸಬೇಕು.

ಮೂರೇ ಏಕೆ ಎಂದು ಕೇಳಬಹುದು. ಒಂದೇ ಹೊತ್ತನ್ನು ಸೂಚಿಸಿದರೆ ಅದು ಆಜ್ಞೆಯಂತೆ ಕೇಳಿಸುತ್ತದೆ. ಜೊತೆಗೆ ಅದು ತಪ್ಪಿದರೆ ಮತ್ತೆ ಮೊದಲಿನಿಂದ ಪತ್ರ ಬರೆಯಬೇಕು. ಹತ್ತನ್ನು ಸೂಚಿಸಿದರೆ ಓದುವವರಿಗೆ ಮತ್ತೆ ದಿನಚರಿಯ ಶೋಧನೆಯೇ ಆಯಿತು. ನಡುವೆ ಮೂರು ಒಗ್ಗುವುದಕ್ಕೆ ಸಣ್ಣ ಲೆಕ್ಕವೊಂದಿದೆ. ನಾವು ಸೂಚಿಸಿದ ಯಾವುದೇ ಒಂದು ಹೊತ್ತಿನಲ್ಲಿ ಅವರು ಬಿಡುವಾಗಿರುವ ಸಂಭವ ಅರ್ಧಕ್ಕರ್ಧ ಎಂದಿಟ್ಟುಕೊಳ್ಳೋಣ, ನಾಣ್ಯ ಚಿಮ್ಮಿದ ಹಾಗೆ. ಒಂದನ್ನೇ ಸೂಚಿಸಿದರೆ ಫಲಿಸುವ ಸಂಭವ ನೂರಕ್ಕೆ 50. ಎರಡನ್ನು ಸೂಚಿಸಿದರೆ ಎರಡೂ ತಪ್ಪುವ ಸಂಭವ ಕಾಲುಭಾಗ. ಆದ್ದರಿಂದ ಫಲಿಸುವುದು 75. ಮೂರಾದರೆ ಎಂಟರಲ್ಲಿ ಏಳು ಪಾಲು, ಎಂದರೆ 87ಕ್ಕೂ ಹೆಚ್ಚು. ನಾಲ್ಕಾದರೆ ಸುಮಾರು 94. ಎರಡನೆಯದು 25ರಷ್ಟು ಲಾಭ ತಂದಿತು, ಮೂರನೆಯದು ಅದರ ಅರ್ಧ, ನಾಲ್ಕನೆಯದು ಅದರ ಅರ್ಧ. ಲಾಭ ಹೀಗೆ ಇಳಿಯುತ್ತ ಹೋಗುವಾಗ ನಮ್ಮ ಖರ್ಚು ಮಾತ್ರ ಇಳಿಯುವುದಿಲ್ಲ. ಏಕೆಂದರೆ ಸೂಚಿಸಿದ ಪ್ರತಿಯೊಂದು ಹೊತ್ತನ್ನೂ ಉತ್ತರ ಬರುವವರೆಗೆ ನಾವು ಬೇರೆ ಯಾವುದಕ್ಕೂ ಕೊಡದೆ ಖಾಲಿ ಇಟ್ಟಿರಬೇಕು.

ಈ ಲೆಕ್ಕಕ್ಕೆ ಒಂದು ಷರತ್ತಿದೆ, ಅದನ್ನು ಮರೆತರೆ ಮೂರು ಹೊತ್ತೂ ಒಂದೇ ಆಗಿಬಿಡುತ್ತದೆ. ಸೋಮವಾರ ಹತ್ತು ಗಂಟೆ, ಸೋಮವಾರ ಹನ್ನೊಂದು, ಮಂಗಳವಾರ ಹತ್ತು ಎಂದು ಸೂಚಿಸಿದೆವೆನ್ನಿ. ಓದುವವರು ಬೆಳಗಿನ ಹೊತ್ತು ಚಿಕಿತ್ಸೆಗೆ ಹೋಗುವವರಾಗಿದ್ದರೆ ಅದೊಂದೇ ಕಾರಣ ಮೂರನ್ನೂ ಒಟ್ಟಿಗೆ ಹೊಡೆದುಹಾಕುತ್ತದೆ. ನಾವು ಮೂರು ಸಲ ಚಿಮ್ಮಿದೆವೆಂದುಕೊಂಡದ್ದು ಒಂದೇ ನಾಣ್ಯ. ಆದ್ದರಿಂದ ಮೂರೂ ಹೊತ್ತುಗಳು ಜಾತಿಯಲ್ಲೇ ಬೇರೆಯಾಗಿರಬೇಕು: ಒಂದು ಕೆಲಸದ ದಿನದ ಬೆಳಗ್ಗೆ, ಒಂದು ವಾರಾಂತ್ಯದಲ್ಲಿ, ಒಂದು ಇನ್ನೊಂದು ವಾರದ ಸಂಜೆ. ಅವರ ಅಡಚಣೆ ಯಾವುದೆಂದು ನಮಗೆ ತಿಳಿಯದು. ಯಾವ ಅಡಚಣೆಯಿದ್ದರೂ ಒಂದಾದರೂ ಅದರಿಂದ ತಪ್ಪಿಸಿಕೊಳ್ಳುವಂತೆ ಹಂಚಬೇಕು. ಕೇಳದೆಯೇ ತಿಳಿಯಬಹುದಾದದ್ದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ಹಬ್ಬದ ದಿನವನ್ನು ಸೂಚಿಸಬಾರದು. ರಾಹುಕಾಲ ನೋಡುವವರೆಂದು ಗೊತ್ತಿದ್ದರೆ ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗಿನ ಹೊತ್ತನ್ನು ಬಿಡಬೇಕು.

ಈಗ ಒಂದು ನಿದರ್ಶನವನ್ನು ಪೂರ್ತಿಯಾಗಿ ನೋಡೋಣ. ಇದು 2025ರ ಶರತ್ಕಾಲದ್ದು. ಬೀಸುಕಲ್ಲಿನ ಪದಗಳನ್ನು ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿದ್ದ ನಿವೃತ್ತ ಅಧ್ಯಾಪಕಿಯೊಬ್ಬರು ಅಮೆರಿಕೆಯ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದರು. ವಯಸ್ಸು ಎಂಬತ್ತೆರಡು. ಆ ಪದಗಳ ಧಾಟಿ ಅವರ ಕಂಠದಲ್ಲಿತ್ತೇ ಹೊರತು ಯಾವ ಪುಸ್ತಕದಲ್ಲೂ ಇರಲಿಲ್ಲ. ದೂರವಾಣಿಯಲ್ಲಿ ಒಂದು ಗಂಟೆ ಮಾತನಾಡಿಸಿ ಮುದ್ರಿಸಿಕೊಳ್ಳಬೇಕೆಂಬುದು ನಮ್ಮ ಸಂಘದ ಆಸೆ. ‘ಯಾವಾಗ ಬಿಡುವು?’ ಎಂದು ಕೇಳಿದ್ದರೆ ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವರು ಸಹಜವಾಗಿ ‘ಮಧ್ಯಾಹ್ನ ಮೂರು ಗಂಟೆಗೆ ಮಾಡಿ’ ಎನ್ನುತ್ತಿದ್ದರು. ಅಕ್ಟೋಬರ್ ತಿಂಗಳಿನಲ್ಲಿ ಅಲ್ಲಿನ ಗಡಿಯಾರಕ್ಕಿಂತ ನಮ್ಮದು ಒಂಬತ್ತೂವರೆ ಗಂಟೆ ಮುಂದಿರುತ್ತದೆ. ಅಲ್ಲಿನ ಮಧ್ಯಾಹ್ನ ಮೂರೆಂದರೆ ಇಲ್ಲಿ ನಡುರಾತ್ರಿ ಹನ್ನೆರಡೂವರೆ. ಆಗ ನಾವು ‘ಆ ಹೊತ್ತು ಆಗುವುದಿಲ್ಲ’ ಎಂದು ಬರೆಯಬೇಕಾಗುತ್ತಿತ್ತು. ಹಿರಿಯರನ್ನು ಕೇಳಿ, ಅವರು ಹೇಳಿದ ಮೇಲೆ ಬೇಡವೆನ್ನುವುದು ಕೇಳದಿರುವುದಕ್ಕಿಂತ ದೊಡ್ಡ ಅವಿನಯ. ನಮಗೆ ಸಾಧ್ಯವಾದದ್ದು ಅಲ್ಲಿನ ಬೆಳಗು ಮತ್ತು ಅಲ್ಲಿನ ಸಂಜೆ ಎರಡೇ ಎಂದಾದ ಮೇಲೆ, ಆ ಎರಡರಲ್ಲೇ ಹೊತ್ತುಗಳನ್ನು ಹುಡುಕಿ ಕೊಡುವುದು ನಮ್ಮ ಕೆಲಸ, ಅವರದಲ್ಲ.

ದೀಪಾವಳಿಯ ಸಡಗರ ಆ ವರ್ಷ ಅಕ್ಟೋಬರ್ 22ಕ್ಕೆ ಮುಗಿಯುವುದಿತ್ತು. ಅದಾದ ಮೇಲಿನ ದಿನಗಳನ್ನು ನೋಡಿಕೊಂಡು, ಅಕ್ಟೋಬರ್ 16ರಂದು ನಾವು ಬರೆದ ಪತ್ರ ಹೀಗಿತ್ತು:

‘ಪೂಜ್ಯ ಮೇಡಂ ಅವರಿಗೆ ಸವಿನಯ ನಮಸ್ಕಾರಗಳು. ಬೀಸುಕಲ್ಲಿನ ಪದಗಳ ಧಾಟಿಯ ಬಗ್ಗೆ ತಮ್ಮ ಮಾತನ್ನು ಮುದ್ರಿಸಿಕೊಳ್ಳಬೇಕೆಂದು ನಮ್ಮ ಸಂಘದ ಅಪೇಕ್ಷೆ. ಒಂದು ಗಂಟೆ ಸಾಕು. ಕರೆಯನ್ನು ನಾವೇ ಮಾಡುತ್ತೇವೆ. ಕೆಳಗಿನ ಮೂರು ಹೊತ್ತುಗಳನ್ನು ತಮಗಾಗಿ ತೆಗೆದಿಟ್ಟಿದ್ದೇವೆ. ಗಂಟೆಗಳೆಲ್ಲ ತಾವಿರುವ ಊರಿನ ಗಡಿಯಾರದವು.

ಒಂದು: ಅಕ್ಟೋಬರ್ 30, ಗುರುವಾರ, ಬೆಳಗ್ಗೆ 10ರಿಂದ 11.
ಎರಡು: ನವೆಂಬರ್ 1, ಶನಿವಾರ, ರಾತ್ರಿ 8ರಿಂದ 9.
ಮೂರು: ನವೆಂಬರ್ 4, ಮಂಗಳವಾರ, ಸಂಜೆ 7ರಿಂದ 8.

ಒಪ್ಪಿಗೆಯಾದದ್ದರ ಸಂಖ್ಯೆಯನ್ನಷ್ಟೆ ಬರೆದರೆ ಸಾಕು. ಮೂರೂ ಒಗ್ಗದಿದ್ದರೆ, ಬೆಳಗು ಸಂಜೆಗಳಲ್ಲಿ ಯಾವುದು ಮೇಲೆಂದು ಒಂದು ಮಾತು ತಿಳಿಸಿದರೆ ಬೇರೆ ದಿನಗಳನ್ನು ಕಳಿಸುತ್ತೇವೆ. ಅಕ್ಟೋಬರ್ 26ರವರೆಗೆ ಈ ಮೂರನ್ನೂ ಹಾಗೆಯೇ ಇಟ್ಟಿರುತ್ತೇವೆ.’

ಪತ್ರದ ಒಂದೊಂದು ವಿವರಕ್ಕೂ ಕಾರಣವಿದೆ. ಗಂಟೆಗಳು ಅವರ ಊರಿನವು. ಲೆಕ್ಕ ಹಾಕುವ ಶ್ರಮ ಕೇಳುವವನದಾಗಬೇಕು. ಆರಂಭದಂತೆ ಮುಕ್ತಾಯವೂ ಇದೆ. ಮುಕ್ತಾಯ ಗೊತ್ತಿಲ್ಲದ ಭೇಟಿಗೆ ಯಾರೂ ಸುಲಭವಾಗಿ ಒಪ್ಪುವುದಿಲ್ಲ. ತಾರೀಖಿನ ಜೊತೆಗೆ ವಾರವೂ ಇದೆ. ಒಂದು ತಪ್ಪಾಗಿ ಬರೆದಿದ್ದರೆ ಇನ್ನೊಂದು ಅದನ್ನು ತೋರಿಸಿಕೊಡುತ್ತದೆ. ‘ಬರುವ ಮಂಗಳವಾರ’ ಎಂದು ಬರೆದಿದ್ದರೆ ಅದು ನಾಳಿದ್ದಿನದೊ ಮುಂದಿನ ವಾರದ್ದೊ ಎಂದು ಓದುವವರು ತೊಳಲಬೇಕು. ಸಂಖ್ಯೆ ಹಾಕಿದ್ದರಿಂದ ಉತ್ತರ ಒಂದೇ ಪದದ್ದಾಗಬಲ್ಲದು. ಕೊನೆಯಲ್ಲಿ ಇನ್ನೊಂದು ಬಾಗಿಲನ್ನು ತೆರೆದಿಟ್ಟದ್ದರಿಂದ ಮೂರರಲ್ಲೇ ಆರಿಸಬೇಕೆಂಬ ಬಲವಂತ ಉಳಿಯುವುದಿಲ್ಲ. ಅದು ಕೂಡ ‘ಯಾವಾಗ ಬಿಡುವು?’ ಎಂಬಷ್ಟು ಅಗಲವಾದ ಬಾಗಿಲಲ್ಲ. ಬೆಳಗೊ ಸಂಜೆಯೊ ಎಂಬ ಕಿರಿದಾದ ಪ್ರಶ್ನೆ.

ಮೂರನೆಯ ಹೊತ್ತಿನಲ್ಲಿ ಅಡಗಿರುವ ಒಂದು ತೊಡಕನ್ನು ವಿದೇಶದಲ್ಲಿರುವವರಿಗೆ ಬರೆಯುವ ಎಲ್ಲರೂ ತಿಳಿದಿರಬೇಕು. ಅಮೆರಿಕೆಯ ಹೆಚ್ಚಿನ ಭಾಗದಲ್ಲಿ ನವೆಂಬರಿನ ಮೊದಲ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮಾರ್ಚಿಯ ಎರಡನೆಯ ಭಾನುವಾರ ಮತ್ತೆ ಮುಂದಕ್ಕೆ. 2025ರಲ್ಲಿ ಆ ಭಾನುವಾರ ನವೆಂಬರ್ 2. ನಮ್ಮ ಮೊದಲ ಎರಡು ಹೊತ್ತುಗಳು ಅದಕ್ಕೆ ಮುಂಚಿನವು, ಮೂರನೆಯದು ಅದರ ನಂತರದ್ದು. ಆದ್ದರಿಂದ ಮೊದಲೆರಡಕ್ಕೆ ಒಂಬತ್ತೂವರೆ ಗಂಟೆ ಕೂಡಿಸಬೇಕು, ಮೂರನೆಯದಕ್ಕೆ ಹತ್ತೂವರೆ. ಗುರುವಾರದ ಬೆಳಗಿನ ಹತ್ತು ನಮಗೆ ಅದೇ ದಿನ ಸಂಜೆ ಏಳೂವರೆ. ಶನಿವಾರದ ರಾತ್ರಿಯ ಎಂಟು ನಮಗೆ ಭಾನುವಾರ ಬೆಳಗಿನ ಜಾವ ಐದೂವರೆ. ಮಂಗಳವಾರದ ಸಂಜೆಯ ಏಳು ನಮಗೆ ಬುಧವಾರ ಬೆಳಗಿನ ಜಾವ ಅದೇ ಐದೂವರೆ. ಹಳೆಯ ಅಂತರವನ್ನೇ ನಂಬಿ ನಾಲ್ಕೂವರೆಗೆ ಎದ್ದು ಕರೆ ಮಾಡಿದವನು ಅಲ್ಲಿ ಆರು ಗಂಟೆಗೇ ಅವರನ್ನು ಎಬ್ಬಿಸಿ ಕೂರಿಸುತ್ತಾನೆ. ಗಂಟೆಯಲ್ಲದೆ ವಾರವೂ ಬೇರೆಯಾಗುವುದರಿಂದ, ಕರೆ ಮಾಡುವವನು ತನ್ನ ದಿನಚರಿಯಲ್ಲಿ ಎರಡೂ ಊರಿನ ದಿನ ಮತ್ತು ಗಂಟೆಯನ್ನು ಅಕ್ಕಪಕ್ಕ ಬರೆದಿಟ್ಟುಕೊಳ್ಳುವುದು ಕ್ಷೇಮ.

ಮೂರನೆಯ ದಿನ ಉತ್ತರ ಬಂತು: ‘ಎರಡನೆಯದು. ಅಂದು ಮಗಳು ಮನೆಯಲ್ಲಿರುತ್ತಾಳೆ, ಯಂತ್ರ ಹಚ್ಚಿಕೊಡುತ್ತಾಳೆ.’ ಅಷ್ಟೆ. ಮಗಳು ಉದ್ಯೋಗಕ್ಕೆ ಹೋಗುವವಳೆಂಬುದಾಗಲಿ, ಅವಳಿಲ್ಲದೆ ತಾಯಿಗೆ ಆ ಯಂತ್ರದ ಸಹವಾಸ ಒಗ್ಗದೆಂಬುದಾಗಲಿ ನಮಗೆ ತಿಳಿದಿರಲಿಲ್ಲ, ಪತ್ರದಲ್ಲಿ ಕೇಳಿಯೂ ಇರಲಿಲ್ಲ. ಮೂರನ್ನೂ ಕೆಲಸದ ದಿನಗಳ ಬೆಳಗಿನಲ್ಲೇ ಇಟ್ಟಿದ್ದರೆ ಮೂರೂ ಅದೇ ಕಾರಣಕ್ಕೆ ಬಿದ್ದುಹೋಗುತ್ತಿದ್ದವು. ಬೇರೆ ಬೇರೆ ಜಾತಿಯ ಹೊತ್ತುಗಳನ್ನು ಇಡುವುದರ ಗುಣ ಇದೇ: ನಮಗೆ ಗೊತ್ತಿಲ್ಲದ ಅಡಚಣೆಗೂ ಅದು ಸ್ಥಳ ಬಿಟ್ಟಿರುತ್ತದೆ.

ಉತ್ತರ ಬಂದಲ್ಲಿಗೆ ಕೆಲಸ ಮುಗಿಯಲಿಲ್ಲ. ಅಂದೇ ಎರಡು ಸಾಲು ಮರುಬರೆದೆವು: ‘ನವೆಂಬರ್ 1, ಶನಿವಾರ, ತಮ್ಮಲ್ಲಿ ರಾತ್ರಿ 8ಕ್ಕೆ ಕರೆ ಮಾಡುತ್ತೇವೆ. ಉಳಿದ ಎರಡು ದಿನಗಳನ್ನು ಬಿಟ್ಟುಕೊಟ್ಟಿದ್ದೇವೆ.’ ಎರಡನೆಯದು ಎಂಬ ಪದವನ್ನು ಪೂರ್ಣ ತಾರೀಖಾಗಿ ತಿರುಗಿ ಹೇಳುವುದರಿಂದ, ಎಣಿಕೆಯಲ್ಲಿ ಎಲ್ಲಾದರೂ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಉಳಿದೆರಡನ್ನು ಬಿಟ್ಟುಕೊಡುವುದೂ ಅಷ್ಟೇ ಮುಖ್ಯ. ಈ ಕ್ರಮ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಸೂಚಿಸಿದ ಹೊತ್ತನ್ನು ನಿಜವಾಗಿ ಖಾಲಿ ಇಡದೆ, ಅದೇ ಮೂರನ್ನು ಇಬ್ಬರು ಮೂವರಿಗೆ ಕಳಿಸುವವರುಂಟು. ಇಬ್ಬರೂ ‘ಎರಡನೆಯದು’ ಎಂದರೆ ಒಬ್ಬರಿಗೆ ಕ್ಷಮೆ ಕೇಳಬೇಕಾಗುತ್ತದೆ. ಆ ಒಬ್ಬರು ಮುಂದೆ ನಮ್ಮ ಪಟ್ಟಿಯನ್ನು ನಂಬುವುದಿಲ್ಲ. ಇಬ್ಬರಿಗೆ ಬರೆಯಬೇಕಾದರೆ ಇಬ್ಬರಿಗೂ ಬೇರೆ ಬೇರೆ ಮೂರು ಕೊಡಬೇಕು, ಅಥವಾ ಒಬ್ಬರ ಉತ್ತರ ಬಂದ ಮೇಲೆ ಇನ್ನೊಬ್ಬರಿಗೆ ಬರೆಯಬೇಕು. ಪತ್ರದಲ್ಲಿ ಕೊನೆಯ ದಿನವೊಂದನ್ನು ಹಾಕುವುದು ಅದಕ್ಕಾಗಿಯೇ. ಅದು ಅವರಿಗೆ ಹಾಕಿದ ಗಡುವಲ್ಲ, ನಾವು ಕೊಟ್ಟ ಮಾತಿನ ಎಲ್ಲೆ. ಆ ದಿನ ಮೊದಲ ಹೊತ್ತಿಗಿಂತ ನಾಲ್ಕಾರು ದಿನ ಮುಂಚೆ ಇರಬೇಕು. ಇಲ್ಲದಿದ್ದರೆ ಉತ್ತರ ಬರುವಷ್ಟರಲ್ಲಿ ಮೂರು ಎರಡಾಗಿರುತ್ತದೆ.

ಇನ್ನು, ಈ ಕ್ರಮ ಎಲ್ಲಿ ನಿಲ್ಲುತ್ತದೆಂಬುದನ್ನೂ ಹೇಳಬೇಕು. ಇಬ್ಬರ ನಡುವೆ ಇದು ಚೆನ್ನಾಗಿ ನಡೆಯುತ್ತದೆ. ಐದು ಜನರ ಸಮಿತಿಯನ್ನು ಕೂಡಿಸಲು ನಡೆಯುವುದಿಲ್ಲ. ಮತ್ತೆ ಅದೇ ನಾಣ್ಯದ ಲೆಕ್ಕ ಹಿಡಿಯೋಣ. ಒಂದು ಹೊತ್ತು ಐವರಿಗೂ ಒಗ್ಗುವ ಸಂಭವ 32ರಲ್ಲಿ ಒಂದು ಪಾಲು. ಮೂರು ಹೊತ್ತು ಸೂಚಿಸಿದರೂ ಅವುಗಳಲ್ಲಿ ಒಂದಾದರೂ ಐವರಿಗೂ ಒಗ್ಗುವುದು ನೂರಕ್ಕೆ ಒಂಬತ್ತರಷ್ಟು ಮಾತ್ರ. ಅಲ್ಲಿ ಬೇರೆ ಉಪಾಯ ಬೇಕು: ಹತ್ತು ಹನ್ನೆರಡು ಹೊತ್ತುಗಳ ಒಂದು ಕೋಷ್ಟಕ ಮಾಡಿ ಎಲ್ಲರಿಂದ ಗುರುತು ಹಾಕಿಸುವುದು, ಇಲ್ಲವೆ ಪ್ರತಿ ತಿಂಗಳ ಎರಡನೆಯ ಭಾನುವಾರವೆಂದು ಒಮ್ಮೆಗೇ ಗೊತ್ತುಮಾಡಿಬಿಡುವುದು. ಹಾಗೆಯೇ ಯಾರ ಹೊತ್ತನ್ನು ಅವರ ಕಚೇರಿಯೇ ಹಂಚುತ್ತದೆಯೊ, ಅಂಥ ವೈದ್ಯರಲ್ಲಿ, ಅಧಿಕಾರಿಗಳಲ್ಲಿ ನಾವು ಪಟ್ಟಿ ಕೊಡುವುದು ಅಸಂಗತ. ಅವರು ಕೊಟ್ಟ ಹೊತ್ತಿಗೆ ಹೋಗುವುದೇ ಸರಿ. ಸಾವು ನೋವಿನ ಮನೆಗೂ ಪಟ್ಟಿ ಒಯ್ಯುವುದಿಲ್ಲ.

ಮೂರೂ ಒಗ್ಗಲಿಲ್ಲವೆಂಬ ಉತ್ತರ ಬಂದರೆ? ಆಗಲೂ ಹಳೆಯ ವಾಕ್ಯಕ್ಕೆ ಮರಳಬೇಕಾಗಿಲ್ಲ. ಬೇಡವೆಂದವರು ಸಾಮಾನ್ಯವಾಗಿ ಒಂದು ಕಾರಣವನ್ನೂ ಬರೆಯುತ್ತಾರೆ: ‘ರಾತ್ರಿ ಬೇಗ ಮಲಗುತ್ತೇನೆ’, ‘ತಿಂಗಳ ಕೊನೆಯವರೆಗೆ ಊರಿನಲ್ಲಿಲ್ಲ’. ಆ ಕಾರಣವೇ ಎರಡನೆಯ ಪಟ್ಟಿಯ ಆಧಾರ. ಎರಡನೆಯ ಮೂರನ್ನು ಅದರೊಳಗಿಂದಲೇ ಆರಿಸಿದರೆ ಅವು ಕುರುಡು ನಾಣ್ಯಗಳಾಗಿ ಉಳಿಯುವುದಿಲ್ಲ. ಎರಡು ಪಟ್ಟಿಗಳೂ ತಪ್ಪಿದವೆನ್ನಿ. ಆಗ ಅಡ್ಡಿಯಿರುವುದು ದಿನದಲ್ಲಲ್ಲ, ಭೇಟಿಯಲ್ಲೇ ಎಂದು ತಿಳಿಯಬೇಕು. ನೇರವಾಗಿ ಬೇಡವೆನ್ನಲಾರದ ಸೌಜನ್ಯ ನಮ್ಮವರಲ್ಲಿ ಬಹಳ. ಅಂಥವರಿಗೆ ಮೂರನೆಯ ಪಟ್ಟಿ ಕಳಿಸದೆ, ‘ಮುಂದೆ ತಮಗೆ ಮನಸ್ಸಾದಾಗ ಒಂದು ಮಾತು ಬರೆಯಿರಿ’ ಎಂದು ಬಿಡುವುದು ಲೇಸು. ‘ಯಾವಾಗ’ ಎಂಬ ಆ ಅಗಲವಾದ ಮಾತಿಗೆ ಯೋಗ್ಯವಾದ ಸ್ಥಳ ಇದೊಂದೇ ಎಂದು ನನಗೆ ತೋರುತ್ತದೆ: ಉತ್ತರವನ್ನು ಬೇಡದೆ ಇರುವಲ್ಲಿ.